ಜರ್ಮನಿಯಲ್ಲಿ ಖಾತೆ ಜಪ್ತಿಯಾದರೆ, ಊರಿಂದ ದುಡ್ಡು ಕಳಿಸುವ ಮುಂಚೆ

ದೀಪಾವಳಿಗೆ ಹುಬ್ಬಳ್ಳಿಗೆ ಬಂದಿದ್ದೆ. ಊಟಕ್ಕೆ ಕೂತಾಗ ಬೆಟಗೇರಿಯಿಂದ ನಮ್ಮ ತಂದೆಯ ಗೆಳೆಯರೊಬ್ಬರು ಫೋನ್ ಮಾಡಿದರು. ಅವರ ಮಗ ಜರ್ಮನಿಯ ನಾರ್ಥ್ ರೈನ್ ವೆಸ್ಟ್‌ಫಾಲಿಯಾ ರಾಜ್ಯದಲ್ಲಿ ಎಂ.ಎಸ್. ಓದುತ್ತಿದ್ದಾನೆ.

“ತಮ್ಮಾ, ಹುಡುಗನ ಅಕೌಂಟ್ ಬ್ಲಾಕ್ ಆಗೇತಂತ. ಕಾರ್ಡ್ ನಡೀವಲ್ದಂತ. ಪೊಲೀಸ್ ಕೇಸ್ ಏನರ ಆಗೇತೇನು? ನಾಳೆ ಬ್ಯಾಂಕಿಗೆ ಹೋಗಿ ಒಂದ್ ಲಕ್ಷ ಕಳಿಸಿಬಿಡ್ತೀನಿ.”

“ಕಾಕಾ, ಸದ್ಯಕ್ಕ ಆ ಖಾತೆಗೆ ಒಂದ್ ರೂಪಾಯಿ ಸುದ್ದಾ ಹಾಕಬ್ಯಾಡ್ರಿ” ಅಂದೆ.

ನಮ್ಮ ಕಡೆ ಖಾತೆ ಫ್ರೀಜ್ ಅಂದರೆ ಸೈಬರ್ ಪೊಲೀಸರ ನೆನಪು ಬರುವುದು ಸಹಜ. ಇನ್ನೊಂದು ಗೊಂದಲವೂ ಇದೆ. ವೀಸಾಕ್ಕಾಗಿ ವಿದ್ಯಾರ್ಥಿಗಳು ತೆರೆಯುವ ‘ಸ್ಪೆರ್‌ಕೊಂಟೊ’ವನ್ನು ನಾವೆಲ್ಲ ಬ್ಲಾಕ್ಡ್ ಅಕೌಂಟ್ ಎಂದೇ ಕರೆಯುತ್ತೇವೆ. ಅದರಿಂದ ತಿಂಗಳಿಗೆ ಇಷ್ಟು ಎಂದು ಹಣ ದಿನಬಳಕೆಯ ಖಾತೆಗೆ ಬರುತ್ತದೆ. ಈ ಹುಡುಗನದು ನಿಂತಿದ್ದು ಆ ದಿನಬಳಕೆಯ ಖಾತೆ, ಮತ್ತು ನಿಂತಿದ್ದು ಬಾಕಿ ವಸೂಲಿಗಾಗಿ. ಜರ್ಮನ್ನರು ಇದನ್ನು ‘ಫೆಂಡುಂಗ್’ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಜಪ್ತಿ.

ವೀಡಿಯೊ ಕಾಲ್ ಮಾಡಿ ಬ್ಯಾಂಕಿನ ಆ್ಯಪ್ ತೆರೆಯಲು ಹೇಳಿದೆ. ಖಾತೆಯಲ್ಲಿ 1,140 ಯೂರೊ ಇತ್ತು, ಆದರೆ ಬಳಸಬಹುದಾದ ಮೊತ್ತ ಸೊನ್ನೆ. ಕೆಳಗೆ ಒಂದು ಸಾಲಿನಲ್ಲಿ Pfändung ಎಂಬ ಪದ. ಬಹಳ ಜನರಿಗೆ ವಿಷಯ ಗೊತ್ತಾಗುವುದೇ ಹೀಗೆ, ಅಂಗಡಿಯಲ್ಲಿ ಕಾರ್ಡ್ ನಡೆಯದೆ ಹೋದಾಗ. ಜಪ್ತಿ ಆದೇಶ ಮೊದಲು ಬ್ಯಾಂಕಿಗೆ ಹೋಗುತ್ತದೆ, ಖಾತೆದಾರನಿಗೆ ಪ್ರತಿ ಬರುವುದು ಆಮೇಲೆ. ಮೊದಲೇ ತಿಳಿದರೆ ಹಣ ತೆಗೆದುಬಿಟ್ಟಾನು ಎಂಬ ಕಾರಣಕ್ಕೆ ಈ ಕ್ರಮ.

ಬ್ಯಾಂಕಿಗೆ ಫೋನ್ ಮಾಡಿ ನಾಲ್ಕು ಸಂಗತಿ ಕೇಳಿ ಬರೆದುಕೊ ಎಂದೆ: ಜಪ್ತಿ ಮಾಡಿಸಿದವರು ಯಾರು, ಮೊತ್ತ ಎಷ್ಟು, ಅವರ ಫೈಲ್ ನಂಬರ್ ಏನು, ಆದೇಶ ಬ್ಯಾಂಕಿಗೆ ಮುಟ್ಟಿದ ತಾರೀಖು ಯಾವುದು. ಇದಕ್ಕಿಂತ ಹೆಚ್ಚು ಬ್ಯಾಂಕಿನವರಿಗೆ ಗೊತ್ತಿರುವುದಿಲ್ಲ, ಅವರೊಡನೆ ವಾದಿಸಿ ಫಲವೂ ಇಲ್ಲ. ಉತ್ತರ ಬಂತು: ನಗರಪಾಲಿಕೆಯ ಖಜಾನೆಯ ವಸೂಲಿ ವಿಭಾಗ, 330 ಯೂರೊ.

ಪಾಲಿಕೆಗೆ ಇವನೇನು ಬಾಕಿ? ಅಲ್ಲಿಗೆ ಫೋನ್ ಮಾಡಿದಾಗ ಗೊತ್ತಾಯಿತು, ಅದು ‘ರುಂಡ್‌ಫುಂಕ್‌ಬೈಟ್ರಾಗ್’, ಅಂದರೆ ಸಾರ್ವಜನಿಕ ರೇಡಿಯೊ-ಟೀವಿಗೆ ಪ್ರತಿ ಮನೆಯವರೂ ಕಟ್ಟಬೇಕಾದ ಶುಲ್ಕ. ತಿಂಗಳಿಗೆ 18.36 ಯೂರೊ. ಟೀವಿ ಇಲ್ಲ ಎಂದರೆ ಬಿಡುವುದಿಲ್ಲ, ಊರಿಂದ ತಂದ ದುಡ್ಡಿನಲ್ಲಿ ಓದುವ ವಿದ್ಯಾರ್ಥಿ ಎಂದರೂ ಬಿಡುವುದಿಲ್ಲ. ವಿಳಾಸ ನೋಂದಣಿ ಮಾಡಿಸಿದ ಕೂಡಲೇ ನಿಮ್ಮ ಮಾಹಿತಿ ಈ ಶುಲ್ಕದ ಕಚೇರಿಗೆ ತಲುಪುತ್ತದೆ. ಪತ್ರಕ್ಕೆ ಉತ್ತರ ಕೊಡದಿದ್ದರೆ ಅವರೇ ಹೆಸರು ದಾಖಲಿಸಿಕೊಂಡು ಲೆಕ್ಕ ಶುರುಮಾಡುತ್ತಾರೆ. ಇವನು ಹಾಸ್ಟೆಲಿನ ಒಂಟಿ ರೂಮಿನಲ್ಲಿದ್ದ. ಬಂದ ಪತ್ರಗಳನ್ನೆಲ್ಲ ಜಾಹೀರಾತು ಎಂದುಕೊಂಡು ಡ್ರಾಯರಿನಲ್ಲಿ ಹಾಕಿದ್ದ. ಹದಿನೈದು ತಿಂಗಳಿಗೆ 275.40, ಎರಡು ಬಾಕಿ ಆದೇಶಕ್ಕೆ ತಲಾ 8 ಯೂರೊ ದಂಡ, ಉಳಿದ 38.60 ವಸೂಲಿ ಖರ್ಚು.

ಸಾಮಾನ್ಯ ಸಾಲವಾಗಿದ್ದರೆ ಸಾಲ ಕೊಟ್ಟವನು ಕೋರ್ಟಿಗೆ ಹೋಗಬೇಕಿತ್ತು. ಇಂಥ ಸಾರ್ವಜನಿಕ ಬಾಕಿಗೆ, ತೆರಿಗೆ ಬಾಕಿಗೂ ಅಷ್ಟೇ, ಅದು ಬೇಕಿಲ್ಲ. ಬಾಕಿ ಆದೇಶ ಬಂದ ಒಂದು ತಿಂಗಳೊಳಗೆ ಆಕ್ಷೇಪಣೆ ಸಲ್ಲಿಸದಿದ್ದರೆ ಅದು ಖಾಯಂ ಆಗುತ್ತದೆ. ಆ ಡ್ರಾಯರಿನಲ್ಲಿ ಇದ್ದದ್ದು ಅದೇ ಕಾಗದ. ಕೋರ್ಟು-ಕಚೇರಿಯ ಪತ್ರ ಹಳದಿ ಲಕೋಟೆಯಲ್ಲಿ ಬಂದರೆ ಲಕೋಟೆಯನ್ನು ಎಸೆಯಬೇಡಿ. ಅದರ ಮೇಲೆ ಅಂಚೆಯವ ಪೆನ್ನಿನಲ್ಲಿ ತಾರೀಖು ಬರೆದಿರುತ್ತಾನೆ. ಗಡುವು ಎಣಿಸುವುದು ಆ ತಾರೀಖಿನಿಂದ.

ಈಗ ದಾರಿ ಏನು? ಆದೇಶ ಮುಟ್ಟಿದ ಮೇಲೆ ಬ್ಯಾಂಕು ಹಣವನ್ನು ಕೂಡಲೇ ಕೊಟ್ಟುಬಿಡುವಂತಿಲ್ಲ, ಒಂದು ತಿಂಗಳು ತಡೆಹಿಡಿಯಬೇಕು. ನಮಗೆ ಸಿಗುವ ಸಮಯ ಅಷ್ಟೇ, ಅದೂ ಬ್ಯಾಂಕಿಗೆ ಆದೇಶ ಮುಟ್ಟಿದ ದಿನದಿಂದ, ನಮಗೆ ಗೊತ್ತಾದ ದಿನದಿಂದಲ್ಲ. ಆ ತಾರೀಖು ಕೇಳು ಎಂದದ್ದು ಇದಕ್ಕೇ. ಕಾನೂನಿನ ಪ್ರಕಾರ ಜಪ್ತಿಯಾಗುವುದು ಬಾಕಿಯಷ್ಟು ಮೊತ್ತ ಮಾತ್ರ. ಆದರೆ ಪರಿಶೀಲನೆ ಮುಗಿಯುವವರೆಗೆ ಕಾರ್ಡು, ಆ್ಯಪಿನಿಂದ ಹಣ ಕಳಿಸುವುದು ಎಲ್ಲ ನಿಲ್ಲಿಸುವ ಬ್ಯಾಂಕುಗಳಿವೆ. ಇವನದೂ ಹಾಗೇ ಆಗಿತ್ತು. ಉಳಿದ 810 ಯೂರೊ ಬಿಡಿ ಎಂದು ಬರೆದು ಕೇಳಿದ ಮೇಲೆ ಬಿಟ್ಟರು.

ಬಾಕಿ ದೊಡ್ಡದಿದ್ದು ಇರುವ ದುಡ್ಡೆಲ್ಲ ಅದರಲ್ಲೇ ಹೋಗುವಂತಿದ್ದರೆ ಖಾತೆಯನ್ನು ‘ಪೆ-ಕೊಂಟೊ’ ಮಾಡಿಸಬೇಕು. ಜಪ್ತಿಯಿಂದ ರಕ್ಷಣೆ ಇರುವ ಖಾತೆ ಅದು. 2025ರ ಜುಲೈ 1ರಿಂದ 2026ರ ಜೂನ್ 30ರವರೆಗೆ ಅದರಲ್ಲಿ ತಿಂಗಳಿಗೆ 1,560 ಯೂರೊವರೆಗೆ ಜಪ್ತಿ ತಾಗುವುದಿಲ್ಲ. ಪ್ರತಿ ಜುಲೈಗೆ ಮೊತ್ತ ಪರಿಷ್ಕರಣೆಯಾಗುತ್ತದೆ. ಕೇಳಿದರೆ ಬ್ಯಾಂಕು ಇಲ್ಲ ಎನ್ನುವಂತಿಲ್ಲ, ನಾಲ್ಕನೇ ಕೆಲಸದ ದಿನದ ಹೊತ್ತಿಗೆ ಬದಲಿಸಿಕೊಡಬೇಕು. ಜಪ್ತಿಯಾದ ತಿಂಗಳೊಳಗೆ ಕೇಳಿದರೆ ಆಗಲೇ ಬಿದ್ದ ಜಪ್ತಿಗೂ ರಕ್ಷಣೆ ಸಿಗುತ್ತದೆ. ಒಬ್ಬರಿಗೆ ಒಂದೇ ಖಾತೆ, ಜಂಟಿ ಖಾತೆಗೆ ಈ ಸೌಲಭ್ಯ ಇಲ್ಲ. ಗಂಡ-ಹೆಂಡತಿ ಒಂದೇ ಖಾತೆ ಇಟ್ಟುಕೊಂಡವರು ಇದನ್ನು ಗಮನಿಸಬೇಕು.

ನಮ್ಮ ಹುಡುಗನಿಗೆ ಅದು ಬೇಡ ಎಂದೆ. ಪೆ-ಕೊಂಟೊ ದುಡ್ಡನ್ನು ಕಾಯುತ್ತದೆ, ಬಾಕಿಯನ್ನು ತೀರಿಸುವುದಿಲ್ಲ. ಬಾಕಿ ನಿಜವಾದದ್ದು, ಮೊತ್ತ ಸಣ್ಣದು, ತೀರಿಸಿಬಿಡುವುದೇ ಮೇಲು. ಆಗದವರು ವಸೂಲಿ ವಿಭಾಗಕ್ಕೇ ಕಂತು ಕೇಳಬಹುದು. ಒಪ್ಪಿದರೆ ಜಪ್ತಿಯನ್ನು ತಡೆಹಿಡಿಯುವಂತೆ ಅವರೇ ಬ್ಯಾಂಕಿಗೆ ಬರೆಯುತ್ತಾರೆ.

ಕಾಕಾ ಕಳಿಸಬೇಕೆಂದಿದ್ದ ಲಕ್ಷದ ಮಾತು ಇಲ್ಲಿ ಬರುತ್ತದೆ. ಜಪ್ತಿ ಇರುವ ಖಾತೆಗೆ ಬಂದ ಹೊಸ ಹಣವೂ ಬಾಕಿ ತೀರುವ ತನಕ ಅದೇ ಜಪ್ತಿಯ ಕೈಗೆ ಹೋಗುತ್ತದೆ. ಕಾರ್ಡೂ ನಿಂತಿದ್ದರೆ ಗದಗದಿಂದ ಹೋದ ದುಡ್ಡು ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಬಾಕಿಯನ್ನು ಯಾರ ಖಾತೆಯಿಂದಾದರೂ ಕಟ್ಟಬಹುದು. ಪಕ್ಕದ ರೂಮಿನ ಹಾವೇರಿ ಹುಡುಗ ತನ್ನ ಖಾತೆಯಿಂದ ವಸೂಲಿ ವಿಭಾಗಕ್ಕೆ ನೇರವಾಗಿ 330 ಯೂರೊ ಕಟ್ಟಿದ. ವಿವರದ ಜಾಗದಲ್ಲಿ ನೋಟಿಸಿನಲ್ಲಿದ್ದ Kassenzeichen ಸಂಖ್ಯೆಯನ್ನು ಅಕ್ಷರ ತಪ್ಪದೆ ಹಾಕಿಸಿದೆ. ಅದು ತಪ್ಪಿದರೆ ಕಟ್ಟಿದ ಹಣ ಯಾರ ಲೆಕ್ಕಕ್ಕೂ ಸೇರದೆ ಉಳಿಯುತ್ತದೆ.

ಕಟ್ಟಿದ ಮೇಲೆ ರಸೀದಿ ಹಿಡಿದು ಬ್ಯಾಂಕಿಗೆ ಓಡುವವರಿದ್ದಾರೆ. ಬ್ಯಾಂಕು ರಸೀದಿ ನೋಡಿ ಜಪ್ತಿ ತೆಗೆಯುವುದಿಲ್ಲ, ಜಪ್ತಿ ಹಾಕಿದವರ ಪತ್ರವೇ ಬೇಕು. ಹಾಗಾಗಿ ರಸೀದಿಯನ್ನು ಪಾಲಿಕೆಗೆ ಮೇಲ್ ಮಾಡಿ, ರದ್ದತಿ ಪತ್ರವನ್ನು ಬ್ಯಾಂಕಿಗೆ ಫ್ಯಾಕ್ಸ್ ಮಾಡಿ ಎಂದು ಫೋನಿನಲ್ಲಿ ಕೇಳಿಕೊಂಡ. ಜರ್ಮನಿಯ ಕಚೇರಿಗಳಲ್ಲಿ ಫ್ಯಾಕ್ಸ್ ಇನ್ನೂ ಜೀವಂತವಾಗಿದೆ. ಮೂರನೇ ಕೆಲಸದ ದಿನ ಖಾತೆ ಪೂರ್ತಿ ತೆರೆಯಿತು.

ಅಷ್ಟರಲ್ಲಿ ಹೆಲ್ತ್ ಇನ್ಶೂರೆನ್ಸಿನ ಕಂತು ಖಾತೆಯಿಂದ ಕಡಿತವಾಗದೆ ವಾಪಸ್ ಹೋಗಿತ್ತು. ಅದು ತಾನಾಗಿ ಮತ್ತೆ ಹೋಗುತ್ತದೆ ಎಂದು ಕೂರುವಂತಿಲ್ಲ. ಸ್ಟೇಟ್‌ಮೆಂಟಿನಲ್ಲಿ ಹಿಂದಿರುಗಿದ ಪ್ರತಿ ಸಾಲನ್ನೂ ಹುಡುಕಿ, ಇನ್ಶೂರೆನ್ಸು, ಫೋನು, ಬಾಡಿಗೆ ಮೂರನ್ನೂ ಅವನೇ ಕೈಯಾರೆ ಕಟ್ಟಿದ.