‘ತಪ್ಪೊಪ್ಪಿಕೊಂಡ’ ಎಂದು ಪೊಲೀಸರು ಹೇಳಿದಾಗ

ಮುಂಬೈಯಲ್ಲಿ ಕ್ರೈಂ ಬೀಟ್‌ಗೆ ಹೊಸದಾಗಿ ಬಂದಿರುವ ನಮ್ಮ ಕನ್ನಡ ವರದಿಗಾರರಿಗೆ ಒಂದು ಮಾತು. ಠಾಣೆಯಿಂದ ಫೋನ್ ಬರುತ್ತದೆ: ‘ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ, ಬರ್ಕೊಳ್ಳಿ.’ ಅದನ್ನು ಹಾಗೇ ಬರೆಯಬೇಡಿ. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಇದನ್ನೇ ಹೇಳುತ್ತದೆ.

ಒಮ್ಮೆ ಸರಗಳ್ಳತನದ ಪ್ರಕರಣದಲ್ಲಿ ನನಗೂ ಇಂಥ ಫೋನ್ ಬಂತು. ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಲೇಬೇಕಲ್ಲ, ಹಾಗಾಗಿ ಮರುದಿನ ಕೋರ್ಟಿಗೇ ಹೋದೆ. ರಿಮಾಂಡ್ ಅರ್ಜಿಯಲ್ಲಿ ಸರ ಸಿಕ್ಕ ಮಾತೇ ಇರಲಿಲ್ಲ. ಹುಡುಗನ ವಕೀಲರು ಆ ಹೊತ್ತಿನಲ್ಲಿ ಅವನು ಕೆಲಸದಲ್ಲಿದ್ದ ಎಂದರು. ಪೊಲೀಸರ ಮಾತು, ವಕೀಲರ ಮಾತು ಎರಡನ್ನೂ ಬರೆದೆ, ತಪ್ಪೊಪ್ಪಿಗೆಯ ಮಾತಿಗೆ ‘ಪೊಲೀಸರ ಪ್ರಕಾರ’ ಎಂದು ಸ್ಪಷ್ಟವಾಗಿ ಸೇರಿಸಿ.

ಆದರೆ ಅಚ್ಚಿಗೆ ಹೋಗುವ ಮೊದಲೇ ಅಧಿಕಾರಿಗೆ ಫೋನ್ ಮಾಡಿದೆ: ‘ಸಾಹೇಬ್, ವಕೀಲರು ಹೀಗೆ ಹೇಳಿದ್ದಾರೆ, ನಿಮ್ಮ ಉತ್ತರ ಬೇಕು.’ ಪ್ರತಿಯನ್ನು ಓದಲು ಕೊಡಲಿಲ್ಲ; ಅದು ದಾಟಬಾರದ ಗೆರೆ. ಅವರು ಎರಡು ವಾರ ಮುನಿಸಿಕೊಂಡರು. ಆಮೇಲೆ ತಾವಾಗಿಯೇ ಫೋನ್ ಮಾಡಿದರು. ಹೆಸರು ಹಾಕಬೇಡಿ ಎಂದು ಅವರು ಹಿಂದೆ ಕೊಟ್ಟ ಮಾಹಿತಿಯಲ್ಲಿ ಒಮ್ಮೆಯೂ ಅವರ ಗುರುತು ಬಿಟ್ಟುಕೊಟ್ಟಿರಲಿಲ್ಲ, ಅದು ಅವರಿಗೆ ನೆನಪಿತ್ತು.