ಮಂಡಿ ಮಡಚುವ ನೋವು: ಟೆನ್ಸ್ ಮಾಡಿದ್ದೆಷ್ಟು, ಮಾತು ಮಾಡಿದ್ದೆಷ್ಟು

ನಾನು ಫಿಸಿಯೋಥೆರಪಿಸ್ಟ್. ಮಂಡಿ ಬದಲಿ ಆಪರೇಷನ್ ಆದವರಿಗೆ ವ್ಯಾಯಾಮ ಮಾಡಿಸುವುದು ನನ್ನ ಮುಖ್ಯ ಕೆಲಸ. ಮೊದಲ ವಾರಗಳಲ್ಲಿ ಮಂಡಿ ಮಡಚಲೇಬೇಕು, ಇಲ್ಲದಿದ್ದರೆ ಬಿಗಿದುಕೊಳ್ಳುತ್ತದೆ. ಮಡಚಿದರೆ ನೋವು. ಈ ನೋವನ್ನು ಪೂರ್ತಿ ತೆಗೆಯೋಕೆ ಆಗಲ್ಲ, ತಗ್ಗಿಸಬಹುದು. ಅದಕ್ಕೆ ನಾನು ನೆಚ್ಚಿಕೊಂಡಿರುವುದು 1965ರಲ್ಲಿ ನೋವಿನ ಸಂಶೋಧಕರಾದ ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ ಮುಂದಿಟ್ಟ ಗೇಟ್ ಕಂಟ್ರೋಲ್ ಸಿದ್ಧಾಂತ.

ನೋವಿನ ಸುದ್ದಿಯನ್ನು ಸಣ್ಣ ನರದ ಎಳೆಗಳು ತರುತ್ತವೆ. ಮುಟ್ಟಿದ್ದು, ಒತ್ತಿದ್ದು ದಪ್ಪ ಎಳೆಗಳಲ್ಲಿ ಬರುತ್ತದೆ. ಎರಡೂ ಬೆನ್ನುಹುರಿಯ ಹಿಂಭಾಗಕ್ಕೆ ಬಂದು ಸೇರುತ್ತವೆ. ದಪ್ಪ ಎಳೆಗಳು ಚುರುಕಾಗಿದ್ದರೆ ಅಲ್ಲಿರುವ ಜೀವಕೋಶಗಳು ಗೇಟ್ ಮುಚ್ಚಿದಂತೆ ನೋವಿನ ಸುದ್ದಿಯನ್ನು ತಡೆಯುತ್ತವೆ. ಪೆಟ್ಟು ಬಿದ್ದ ಜಾಗವನ್ನು ನಾವು ಉಜ್ಜಿಕೊಳ್ಳುವುದು ಇದಕ್ಕೇ. ಇನ್ನೊಂದು ಭಾಗವೂ ಇದೆ: ಮಿದುಳಿನಿಂದಲೂ ಕೆಳಗೆ ಅಪ್ಪಣೆ ಬರುತ್ತದೆ. ಭಯ, ಗಮನ, ನೋವಿಗೆ ನಾವು ಕೊಡುವ ಅರ್ಥ, ಇವೆಲ್ಲ ಆ ದಾರಿಯಲ್ಲಿ ಇಳಿದು ಗೇಟನ್ನು ತೆರೆಯುತ್ತವೆ ಇಲ್ಲವೇ ಮುಚ್ಚುತ್ತವೆ. ಅವರು ಬರೆದ ನಕ್ಷೆಯ ಕೆಲವು ವಿವರಗಳು ಆಮೇಲೆ ಬದಲಾದವು, ಆದರೆ ಈ ಎರಡು ಮಾತು ನಿಂತಿವೆ.

ಒಬ್ಬ ಹಿರಿಯ ಹೆಂಗಸಿನ ಉದಾಹರಣೆ ಹೇಳುತ್ತೇನೆ. ಆಪರೇಷನ್ ಆಗಿ ಎರಡು ವಾರವಾಗಿದ್ದರೂ ಮಂಡಿ 60 ಡಿಗ್ರಿ ದಾಟುತ್ತಿರಲಿಲ್ಲ. ಕುರ್ಚಿಯಿಂದ ಸಲೀಸಾಗಿ ಏಳಲು 90ರ ಆಚೆ ಬೇಕು. ದಪ್ಪ ಎಳೆಗಳನ್ನು ಚುರುಕು ಮಾಡಲು ನಾನು ಬಳಸುವುದು ಟೆನ್ಸ್, ಅಂದರೆ ಚರ್ಮಕ್ಕೆ ಅಂಟಿಸಿದ ಪ್ಯಾಡ್‌ಗಳಿಂದ ಸಣ್ಣಗೆ ಕರೆಂಟ್ ಹರಿಸುವ ಮೆಷಿನ್. ಅದನ್ನು ಹಚ್ಚುವ ಮೊದಲು ಚರ್ಮದ ಸ್ಪರ್ಶ ಸರಿಯಿದೆಯಾ ನೋಡಿದೆ. ಸಕ್ಕರೆ ಕಾಯಿಲೆಯಿಂದ ಕಾಲು ಮರಗಟ್ಟಿದ್ದರೆ ಟೆನ್ಸ್ ಮೆಷಿನ್ ಎಷ್ಟು ಜೋರಾಗಿದೆ ಅನ್ನುವುದೇ ಅವರಿಗೆ ಗೊತ್ತಾಗುವುದಿಲ್ಲ. ಪೇಸ್‌ಮೇಕರ್ ಇದ್ದವರಿಗಂತೂ ನಾನು ಹಚ್ಚುವುದೇ ಇಲ್ಲ. ಹೊಲಿಗೆಯನ್ನು ಬಿಟ್ಟು ಮಂಡಿಯ ಎರಡೂ ಪಕ್ಕ ಪ್ಯಾಡ್ ಅಂಟಿಸಿ, 100 ಹರ್ಟ್ಸ್‌ಗೆ ಇಟ್ಟು, ಜುಮುಜುಮು ಅನ್ನುವುದು ಜೋರಾಗಿರಬೇಕು, ಆದರೆ ಸ್ನಾಯು ಅದುರಬಾರದು ಅನ್ನುವ ಮಟ್ಟಕ್ಕೆ ತಂದೆ. ಬರೀ ಚೂರು ಕಚಗುಳಿ ಇಟ್ಟಂತಿದ್ದರೆ ಪ್ರಯೋಜನ ಕಡಿಮೆ. ಸ್ವಲ್ಪ ಹೊತ್ತಿಗೆ ಅಭ್ಯಾಸವಾಗಿ ಜುಮುಜುಮು ತಗ್ಗುತ್ತದೆ, ಆಗ ಮತ್ತೆ ಏರಿಸಬೇಕು. ಮೆಷಿನ್ ಆಫ್ ಮಾಡಿದ ಮೇಲೆ ಇದರ ಫಲ ಹೆಚ್ಚು ಹೊತ್ತು ಉಳಿಯುವುದಿಲ್ಲ. ಅದಕ್ಕೇ ವ್ಯಾಯಾಮ ಮಾಡಿಸುವಾಗಲೇ ಆನ್ ಇಟ್ಟಿರುತ್ತೇನೆ.

ಇಷ್ಟೆಲ್ಲ ಮಾಡಿದರೂ ಮಂಡಿ ಒಂದಿಷ್ಟೇ ಮುಂದೆ ಹೋಯಿತು. "ನೋವಿದೆಯಾ ಅಮ್ಮ?" ಅಂದರೆ "ಏನಿಲ್ಲ ಬಿಡವ್ವ" ಅನ್ನುತ್ತಿದ್ದರು. ಆದರೆ ಉಸಿರು ಹಿಡಿದಿದ್ದರು, ಕಾಲ್ಬೆರಳು ಮುದುರಿತ್ತು, ಕೈ ಮಂಚದ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಮಗ, ಅಳಿಯ ಇಬ್ಬರೂ ಎದುರಿಗೇ ನಿಂತಿದ್ದರು. ಅವರ ಮುಂದೆ ನರಳುವುದು ಆಕೆಗೆ ಮರ್ಯಾದೆಯ ವಿಷಯ. ಇಬ್ಬರನ್ನೂ ಹೊರಗೆ ಕೂರಿಸಿ, "ಮಡಚುವಾಗ ಒಳಗೆ ಏನಾಗ್ತಿದೆ ಅನ್ಸುತ್ತೆ?" ಅಂತ ಕೇಳಿದೆ. "ಹೊಲಿಗೆ ಕಿತ್ತು ಬರುತ್ತೆ ಅನ್ಸುತ್ತೆ" ಅಂದರು.

ಅಷ್ಟು ದಿನ ಗೇಟನ್ನು ತೆರೆದಿಟ್ಟಿದ್ದು ಆ ಭಯ. ಮಂಡಿಯ ಮಾದರಿ ತೋರಿಸಿ, ಚರ್ಮದ ಹೊಲಿಗೆ ಬೇರೆ, ಒಳಗೆ ಕೂತ ಲೋಹದ ಕೀಲು ಬೇರೆ, ಈ ಎಳೆತ ಬಾವು ಮತ್ತು ಬಿಗಿತದ್ದು ಅಂತ ಬಿಡಿಸಿ ಹೇಳಿದೆ. ಕಾಲನ್ನು ನಾನು ತಳ್ಳುವುದನ್ನು ಬಿಟ್ಟು, ಹಿಮ್ಮಡಿಗೆ ಟವೆಲ್ ಸಿಕ್ಕಿಸಿ ಆಕೆಯೇ ಎಳೆದುಕೊಳ್ಳುವಂತೆ ಮಾಡಿದೆ. ಯಾವಾಗ ಬೇಕಾದರೂ ನಿಲ್ಲಿಸಬಹುದು ಅನ್ನುವುದೇ ದೊಡ್ಡ ಧೈರ್ಯ. ಉಸಿರು ಬಿಡುತ್ತಾ ಎಳೆಯಲು ಹೇಳಿ, ಮೊಮ್ಮಗಳ ಮದುವೆಗೆ ಯಾವ ಅಡುಗೆ ಅಂತ ಮಾತಿಗೆಳೆದೆ. ನಾನು "ನೋವಾ, ನೋವಾ?" ಅಂತ ಪದೇ ಪದೇ ಕೇಳಿದರೆ ಅವರ ಗಮನವೆಲ್ಲ ಮಂಡಿಗೇ ಹೋಗುತ್ತದೆ, ಅಲ್ವಾ? ಅದಕ್ಕೆ ಕೇಳುವುದನ್ನು ಬಿಟ್ಟು ಕೈ ಮತ್ತು ಉಸಿರನ್ನು ಗಮನಿಸುತ್ತಿದ್ದೆ. ಅದೇ ಟೆನ್ಸ್, ಅದೇ ಮಾತ್ರೆ. ಆ ದಿನ ಮಂಡಿ 75ಕ್ಕೆ ಬಂತು, ಮುಂದಿನ ವಾರಗಳಲ್ಲಿ 90 ದಾಟಿತು.

ತಡೆದುಕೊಳ್ಳುವವರನ್ನು ನೋಡಿ ನೋವಿಲ್ಲ ಅಂದುಕೊಳ್ಳುವುದು ಹೇಗೆ ತಪ್ಪೋ, ಕೂಗುವವರೆಲ್ಲರಿಗೂ ಒಂದೇ ಮದ್ದು ಅನ್ನುವುದೂ ಹಾಗೇ ತಪ್ಪು. 1952ರಲ್ಲಿ ಮಾನವಶಾಸ್ತ್ರಜ್ಞ ಮಾರ್ಕ್ ಜ್ಬೊರೊವ್‌ಸ್ಕಿ ನ್ಯೂಯಾರ್ಕ್‌ನ ಆಸ್ಪತ್ರೆಯೊಂದರ ರೋಗಿಗಳ ಬಗ್ಗೆ ಬರೆದಿದ್ದರು. ಇಟಲಿ ಮೂಲದವರು, ಯಹೂದಿಗಳು ಇಬ್ಬರೂ ನೋವನ್ನು ಬಾಯಿಬಿಟ್ಟು ತೋರಿಸುತ್ತಿದ್ದರು. ಆದರೆ ಇಟಲಿಯವರಿಗೆ ಆ ಹೊತ್ತಿನ ನೋವು ಹೋದರೆ ಸಮಾಧಾನ. ಯಹೂದಿ ರೋಗಿಗಳಿಗೆ, ಈ ನೋವಿನಿಂದ ಮುಂದೇನಾಗುತ್ತೋ ಅನ್ನುವ ಚಿಂತೆ ಮಾತ್ರೆ ನುಂಗಿದರೂ ಹೋಗುತ್ತಿರಲಿಲ್ಲ. ಅದು ಆ ಕಾಲದ, ಆ ಊರಿನ ಮಾತು. ಇಂಥ ಜಾತಿಯವರು ಇಂಥವರು ಅಂತ ಹಣೆಪಟ್ಟಿ ಹಚ್ಚಲು ಅದನ್ನು ಬಳಸಬಾರದು. ನಾನು ತೆಗೆದುಕೊಂಡದ್ದು ಇಷ್ಟೇ: ನೋವು ಎಷ್ಟು ಅನ್ನುವುದರ ಜೊತೆಗೆ, ಅದರಿಂದ ಏನಾಗುತ್ತೆ ಅಂತ ಹೆದರಿದ್ದೀರಿ ಅಂತಲೂ ಪ್ರತಿಯೊಬ್ಬರನ್ನೂ ಕೇಳುವುದು.

ಕೆಲವು ನೋವನ್ನು ಹೀಗೆ ತಗ್ಗಿಸಲು ಹೋಗಲೇಬಾರದು. ಮೀನಖಂಡ ಬಿಸಿಯಾಗಿ ಊದಿ ಮುಟ್ಟಿದರೆ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಜ್ವರ ಬಂದು ಗಾಯ ಸೋರುತ್ತಿದ್ದರೆ ಸೋಂಕಿರಬಹುದು. ಅಂಥ ದಿನ ಪ್ಯಾಡ್ ಹಚ್ಚದೆ, ವ್ಯಾಯಾಮವನ್ನೂ ನಿಲ್ಲಿಸಿ ನೇರವಾಗಿ ಸರ್ಜನ್‌ಗೆ ಫೋನ್ ಮಾಡುತ್ತೇನೆ.