ಎಕ್ಸ್‌ಪಿ ಮೆಷಿನ್ ಉಳಿಸಿಕೊಳ್ಳಲು ನಾನು ಬರೆದ ಮೆಮೋ

ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಪಾರ್ಟ್‌ಗಳ ಅಳತೆ ನೋಡುವ ಸಿಎಂಎಂ ಒಂದಿದೆ. ಅದು ಓಡೋದು ವಿಂಡೋಸ್ ಎಕ್ಸ್‌ಪಿಯಲ್ಲಿ. 2014ರ ಏಪ್ರಿಲ್‌ಗೇ ಎಕ್ಸ್‌ಪಿಯ ಸಪೋರ್ಟ್ ಮುಗಿದಿದೆ. ಕಂಟ್ರೋಲರ್ ಕಾರ್ಡ್‌ಗೆ ಹೊಸ ವಿಂಡೋಸ್‌ನ ಡ್ರೈವರ್ ಇಲ್ಲ. ವರ್ಚುವಲ್ ಮೆಷಿನ್ ಮಾಡಿ ನೋಡಿದೆ. ಎರಡು ಭಾನುವಾರ ಹೋಯ್ತು, ಕಾರ್ಡ್ ಕಾಣಿಸಲೇ ಇಲ್ಲ. ಹೊಸದಕ್ಕೆ ಕೊಟೇಶನ್ ಸುಮಾರು 40 ಲಕ್ಷ.

ಆಡಿಟರ್ "ನೆಟ್‌ವರ್ಕ್‌ನಿಂದ ತೆಗೆದುಬಿಡಿ" ಎಂದರು. ತೆಗೆದರೆ ರಿಪೋರ್ಟ್‌ಗಳು ಪೆನ್‌ಡ್ರೈವ್‌ನಲ್ಲಿ ಓಡಾಡುತ್ತವೆ, ಅದು ಇನ್ನೂ ಕೆಟ್ಟದ್ದಲ್ವಾ? ಹಿಂದೆ ಹಾಗೇ ಮಾಡಿ ವೈರಸ್ ಹತ್ತಿ ಒಂದೂವರೆ ದಿನ ಮೆಷಿನ್ ನಿಂತಿತ್ತು.

ಹಾಗಾಗಿ ಅಪಾಯ ಒಪ್ಪಿಕೊಂಡು ಮೆಷಿನ್ ಉಳಿಸಿಕೊಳ್ಳೋಣ ಅಂತ ಪ್ಲಾಂಟ್ ಹೆಡ್ ಸಹಿಗೆ ಕಳಿಸಿದ ನನ್ನ ಮೊದಲ ಮೆಮೋ ವಾಪಸ್ ಬಂತು. ನಾಲ್ಕು ಪುಟ ತುಂಬಾ ಸಿವಿಇ ಅನ್ನೋ ಭದ್ರತಾ ದೋಷಗಳ ನಂಬರ್‌ಗಳೇ ಇದ್ದವು. "ನಾನು ಏನಕ್ಕೆ ಸಹಿ ಹಾಕ್ತಿದ್ದೀನಿ ಅಂತ ಗೊತ್ತಾಗ್ತಿಲ್ಲ ಕಣ್ರೀ" ಎಂದರು ಪ್ಲಾಂಟ್ ಹೆಡ್. ಅವರು ಹೇಳಿದ್ದು ಸರಿ. ನಷ್ಟ ಬೀಳೋದು ಅವರ ಲೆಕ್ಕಕ್ಕೆ, ಹಾಗಾಗಿ ಸಹಿಯೂ ಅವರದೇ ಆಗಬೇಕು, ಐಟಿಯದಲ್ಲ.

ಅಪಾಯ ತಡೆಯುವ ಕಂಟ್ರೋಲ್‌ಗಳಲ್ಲೂ ಮೊದಲು ಸೋತೆ. ಬರೀ ವಿಲ್ಯಾನ್ ಮಾಡಿದ್ದೆ, ಅಂದರೆ ಅದೇ ಸ್ವಿಚ್‌ನಲ್ಲಿ ಎಕ್ಸ್‌ಪಿಗೆ ಬೇರೆ ನೆಟ್‌ವರ್ಕ್. ಸರ್ವಿಸ್‌ಗೆ ಬಂದವರು ಅದೇ ಸ್ವಿಚ್‌ಗೆ ಲ್ಯಾಪ್‌ಟಾಪ್ ಚುಚ್ಚಿದರು, ಅಲ್ಲಿಗೆ ಮುಗೀತು. ಈಗ ಮಧ್ಯೆ ಎರಡು ಪೋರ್ಟ್‌ನ ಚಿಕ್ಕ ಲಿನಕ್ಸ್ ಬಾಕ್ಸ್ ಇದೆ. ಎಕ್ಸ್‌ಪಿಯ ಕೇಬಲ್ ನೇರ ಅದಕ್ಕೆ. ಐಪಿ ಫಾರ್ವರ್ಡಿಂಗ್ ಆಫ್, ಅಂದರೆ ಒಂದು ಪೋರ್ಟ್‌ನಿಂದ ಇನ್ನೊಂದಕ್ಕೆ ನೇರವಾಗಿ ಏನೂ ದಾಟಲ್ಲ. ಎಕ್ಸ್‌ಪಿ ರಿಪೋರ್ಟನ್ನು ಬಾಕ್ಸ್‌ನ ಶೇರ್‌ಗೆ ಹಾಕುತ್ತೆ, ಕ್ವಾಲಿಟಿಯವರು ಆಫೀಸ್ ಕಡೆಯಿಂದ ಎಸ್‌ಎಫ್‌ಟಿಪಿಯಲ್ಲಿ ತೆಗೆದುಕೊಳ್ಳುತ್ತಾರೆ. ಒಟ್ಟು ಖರ್ಚು 25 ಸಾವಿರ ದಾಟಿಲ್ಲ.

ಬಾಕ್ಸ್‌ನಲ್ಲಿ ಶೇರ್ ಕೊಡೋದು ಸಾಂಬಾ. ಹೊಸ ಸಾಂಬಾದಲ್ಲಿ ಹಳೆಯ ಎಸ್‌ಎಂಬಿ1 ಪ್ರೋಟೋಕಾಲ್ ಆಫ್ ಇರುತ್ತೆ. ಎಕ್ಸ್‌ಪಿಗೆ ಬೇರೆ ಗತಿಯಿಲ್ಲ, ಅದರ ಪೋರ್ಟ್‌ಗೆ ಮಾತ್ರ ತೆರೆದೆ:

```
server min protocol = NT1
interfaces = lo enp2s0
bind interfaces only = yes
```

ಆಮೇಲೂ ಲಾಗಿನ್ ಆಗದೆ ಒಂದು ದಿನ ಒದ್ದಾಡಿದೆ. ಆಗ ಎಲ್ಲರೂ ಸಾಂಬಾದಲ್ಲಿ `ntlm auth = yes` ಹಾಕಿಬಿಡ್ತಾರೆ. ಬೇಡ, ಅದು ಹಳೆಯ ದುರ್ಬಲ ಲಾಗಿನ್‌ಗೂ ಬಾಗಿಲು ತೆರೆಯುತ್ತೆ. ಎಕ್ಸ್‌ಪಿಯ ರಿಜಿಸ್ಟ್ರಿಯಲ್ಲಿ `LmCompatibilityLevel` 3 ಮಾಡಿದರೆ ಅದೇ ಇನ್ನೂ ಗಟ್ಟಿಯಾದ ಎನ್‌ಟಿಎಲ್‌ಎಂವಿ2ಗೆ ಬರುತ್ತೆ.

ಪರೀಕ್ಷೆ ಸುಲಭ. ಆಫೀಸ್ ಕಡೆಯಿಂದ ಬಾಕ್ಸ್‌ನ 445, ಅಂದರೆ ಸಾಂಬಾದ ಪೋರ್ಟ್, ಉತ್ತರ ಕೊಡಬಾರದು, ಎಕ್ಸ್‌ಪಿಗೆ ಪಿಂಗ್ ತಲುಪಬಾರದು. ಆದರೆ ಎಕ್ಸ್‌ಪಿಯನ್ನೇ `nmap -sV`ನಿಂದ ಸ್ಕ್ಯಾನ್ ಮಾಡುವಾಗ ಹುಷಾರು. ನಮ್ಮಲ್ಲಿ ಅಳತೆಯ ಮಧ್ಯೆಯೇ ಸಾಫ್ಟ್‌ವೇರ್ ಹ್ಯಾಂಗ್ ಆಯ್ತು. ಶೇರ್‌ಗೆ ರಿಪೋರ್ಟ್ ಬಿಟ್ಟು ಬೇರೆ ಫೈಲ್ ಬಿದ್ದರೆ ನನ್ನ ಫೋನಿಗೆ ಮೆಸೇಜ್ ಬರುವ ಏರ್ಪಾಡೂ ಇದೆ. ಅದು ಹೇಗೆ ಅನ್ನೋದು ನನ್ನಲ್ಲೇ ಇರಲಿ.

ಎರಡನೇ ಮೆಮೋ ಒಂದೇ ಪುಟ. ಮೆಷಿನ್ ನಿಂತರೆ ದಿನಕ್ಕೆ ಸುಮಾರು ಒಂದೂವರೆ ಲಕ್ಷ ನಷ್ಟ. ಮೊದಲಾಗಿದ್ದರೆ ನಾಲ್ಕು ದಿನ ನಿಲ್ಲುತ್ತಿತ್ತು. ಈಗ ಕ್ಲೋನ್ ಮಾಡಿದ ಡಿಸ್ಕ್ ಬೀರುವಿನಲ್ಲಿದೆ, ಹಾಕಿ ಅಳತೆ ಶುರು ಮಾಡಲು 40 ನಿಮಿಷ ಸಾಕು. ಅದನ್ನು ಪ್ಲಾಂಟ್ ಹೆಡ್ ಎದುರಿಗೇ ಮಾಡಿ ತೋರಿಸಿದೆ. ಬಾಕ್ಸೇ ಯಾರದಾದರೂ ಕೈಗೆ ಸಿಕ್ಕರೆ ಎಕ್ಸ್‌ಪಿಗೆ ಕಾವಲಿಲ್ಲ ಅಂತಲೂ ಸ್ಪಷ್ಟವಾಗಿ ಬರೆದೆ. ಅವಧಿ 12 ತಿಂಗಳು. ಕೇಬಲ್ ಬೇರೆ ಕಡೆ ಹೋದರೆ, ಬಾಕ್ಸ್ ಅಪ್‌ಡೇಟ್ ತಪ್ಪಿದರೆ, ಆರು ತಿಂಗಳಿಗೊಮ್ಮೆ ಡಿಸ್ಕ್ ಹಾಕಿ ನೋಡದಿದ್ದರೆ ಮೆಮೋ ಅವತ್ತೇ ರದ್ದು.

ಅದೇ ಆಡಿಟರ್ ಈ ಮೆಮೋ ಒಪ್ಪಿದರು. ಹೋದ ತಿಂಗಳು ಎರಡನೇ ವರ್ಷಕ್ಕೆ ಸಹಿ ಆಯ್ತು. ಬದಲಾಗಿದ್ದು ಒಂದೇ ಸಾಲು: ದಿನದ ನಷ್ಟ ಈಗ ಎರಡು ಲಕ್ಷ.